ಬೀದರ್ ಸುರಂಗ ಬಾವಿ ವರದಿಗೆ ಬೇರೆಯವರ ಚಿತ್ರ, ಗ್ರಾಫ್, ಅಂಕಿಅಂಶ: ಅನುಮತಿ ಕೇಳುವುದರಿಂದ ಕ್ಯಾಪ್ಷನ್ ಬರೆಯುವವರೆಗೆ

ಬೀದರಿನ ನೌಬಾದ್ ಕಡೆ ಬಹಮನಿ ಕಾಲದ ಸುರಂಗ ಬಾವಿ ಇದೆ. ಪೇಪರ್‌ನವರು ಕರೇಜ್ ಅಂತ ಬರೆಯುವುದು ಅದನ್ನೇ. ನೆಲದಡಿ ಉದ್ದಕ್ಕೂ ಒಂದು ಕಾಲುವೆ, ಅಲ್ಲಲ್ಲಿ ಮೇಲಿಂದ ಇಳಿಯುವ ಬಾವಿಯಂಥ ಕಂಡಿಗಳು. ಬೀದರ್, ಕಲಬುರಗಿ ಕಡೆ ಭೂಗೋಳ, ಇತಿಹಾಸ, ಸಿವಿಲ್ ಓದುವವರು ಪ್ರಾಜೆಕ್ಟಿಗೆ ಇದನ್ನು ಆರಿಸಿಕೊಂಡರೆ ಒಂದು ತೊಂದರೆ ಖಚಿತ. ವಿಷಯ ಚಿತ್ರವಿಲ್ಲದೆ ಅರ್ಥವಾಗುವುದಿಲ್ಲ, ಬೇಕಾದ ಚಿತ್ರಗಳೆಲ್ಲ ಬೇರೆಯವರವು.

ಇಂಥ ಒಂದು ವರದಿಯನ್ನೇ ಮುಂದಿಟ್ಟುಕೊಂಡು ಕೆಲಸ ಮಾಡೋಣ. ಅದಕ್ಕೆ ಐದು ಚಿತ್ರ ಬೇಕು ಎಂದುಕೊಳ್ಳಿ: ಹಳೆಯ ಪುಸ್ತಕದ ಒಂದು ನಕ್ಷೆ, ಕಂಡಿಯ ಒಂದು ಫೋಟೋ, ಸುರಂಗದ ಅಡ್ಡಸೀಳು ಚಿತ್ರ, ಅಂತರ್ಜಲ ಮಟ್ಟದ ಗ್ರಾಫ್, ಜಿಲ್ಲೆಯ ಜನಸಂಖ್ಯೆಯ ಪಟ್ಟಿ. ಐದಕ್ಕೂ ದಾರಿ ಬೇರೆ ಬೇರೆ.

ಶುರುವಿಗೆ ಮುಂಚೆ: ವರದಿ ಎಲ್ಲಿಗೆ ಹೋಗುತ್ತದೆ?

ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಸಂಶೋಧನೆ ಸೇರಿದಂತೆ ಸ್ವಂತ ಬಳಕೆಗೆ, ವಿಮರ್ಶೆಗೆ ನ್ಯಾಯವಾದ ಮಟ್ಟಿಗೆ ಬಳಸಲು ಬಿಡುತ್ತದೆ. ಗೈಡ್‌ಗೆ ಒಂದು, ವಿಭಾಗಕ್ಕೆ ಒಂದು, ನಿಮಗೊಂದು ಎಂದು ಮೂರು ಪ್ರತಿ ಬೈಂಡ್ ಮಾಡಿಸಿ ಮುಗಿಸುವ ವರದಿಗೆ ಈ ವಿನಾಯಿತಿ ಸಾಮಾನ್ಯವಾಗಿ ಸಾಕು. ಅದೇ ವರದಿ ಸಂಸ್ಥೆಯ ವೆಬ್‌ಸೈಟ್ ಸೇರಿದರೆ, ಪಿಎಚ್.ಡಿ ಪ್ರಬಂಧವಾಗಿ, ಪ್ರಬಂಧಗಳನ್ನು ಎಲ್ಲರಿಗೂ ತೆರೆದಿಡುವ ಶೋಧಗಂಗಾ ತಾಣಕ್ಕೆ ಏರಿದರೆ, ಸ್ವಯಂಸೇವಾ ಸಂಸ್ಥೆ ಅದನ್ನು ಅಚ್ಚು ಹಾಕಿ ಹಂಚಿದರೆ, ಅದು ಪ್ರಕಟಣೆ. ಆಗ 'ಸ್ವಂತ ಬಳಕೆ' ಅನ್ನುವ ಮಾತು ಗಟ್ಟಿಯಾಗಿ ನಿಲ್ಲುವುದಿಲ್ಲ. ಅದಕ್ಕೇ ಮೊದಲ ದಿನವೇ ಇದನ್ನು ತೀರ್ಮಾನಿಸಿಕೊಳ್ಳಿ. ಅನುಮತಿ ಕೇಳುವಾಗಲೂ ಇದೇ ವಿವರ ಬೇಕಾಗುತ್ತದೆ.

ಇನ್ನೊಂದು ಗೊಂದಲ. 'ಹತ್ತು ಪರ್ಸೆಂಟ್ ತಗೊಂಡ್ರೆ ಪರವಾಗಿಲ್ಲ' ಎಂದು ಬಹಳ ಜನ ಹೇಳುತ್ತಾರೆ. ಕಾಪಿರೈಟ್ ಕಾಯ್ದೆಯಲ್ಲಿ ಅಂಥ ಲೆಕ್ಕವೇ ಇಲ್ಲ. ಅದು ಯುಜಿಸಿಯ 2018ರ ಕೃತಿಚೌರ್ಯ ನಿಯಮದಲ್ಲಿ ಬರುವ ಹೋಲಿಕೆಯ ಮಿತಿ. ಅದು ಬರಹದ ಸಂಗತಿ, ಸಾಫ್ಟ್‌ವೇರ್ ಅಳೆಯುವುದೂ ಅಕ್ಷರಗಳನ್ನೇ. ಚಿತ್ರವೊಂದನ್ನು ಪೂರ್ತಿ ಎತ್ತಿ ಅಂಟಿಸಿದರೂ ಆ ರಿಪೋರ್ಟಿನಲ್ಲಿ ಸೊನ್ನೆ ಬರಬಹುದು. ಸೊನ್ನೆ ಬಂತೆಂದು ಅನುಮತಿ ಸಿಕ್ಕಹಾಗಲ್ಲ. ಹಾಗೆಯೇ ಮೂಲ ಹೆಸರಿಸಿದ ಮಾತ್ರಕ್ಕೆ ಅನುಮತಿ ಸಿಗುವುದಿಲ್ಲ, ಅನುಮತಿ ಸಿಕ್ಕಿತೆಂದು ಹೆಸರು ಬಿಡುವ ಹಾಗೂ ಇಲ್ಲ. ಎರಡೂ ಬೇರೆ ಬೇರೆ ಕೆಲಸ.

ಹಂತ 1: ಹಳೆಯ ಪುಸ್ತಕದ ನಕ್ಷೆ

ಬೀದರ್ ಬಗ್ಗೆ ಬರೆಯುವವರೆಲ್ಲ ಕೈ ಹಾಕುವ ಪುಸ್ತಕ ಗುಲಾಮ್ ಯಜ್ದಾನಿ ಅವರದು. 1947ರಲ್ಲಿ ನಿಜಾಮ್ ಸರ್ಕಾರಕ್ಕಾಗಿ ಆಕ್ಸ್‌ಫರ್ಡ್ ಪ್ರೆಸ್ ಪ್ರಕಟಿಸಿದ್ದು. ಅದರ ನಕ್ಷೆ, ಫೋಟೋಗಳನ್ನು ಬಳಸಬಹುದೇ?

ಎರಡು ರೀತಿ ಲೆಕ್ಕ ಹಾಕಿ ನೋಡಿ. ಸರ್ಕಾರಿ ಕೃತಿ ಎಂದು ಹಿಡಿದರೆ ಪ್ರಕಟವಾದ ವರ್ಷ ಮುಗಿದ ಮೇಲೆ 60 ವರ್ಷ, ಅಂದರೆ 2007ರ ಕೊನೆಗೆ ಹಕ್ಕು ಮುಗಿಯಿತು. ಲೇಖಕರದೇ ಹಕ್ಕು ಎಂದು ಹಿಡಿದರೆ ಅವರು ತೀರಿಕೊಂಡ ವರ್ಷದ ನಂತರ 60 ವರ್ಷ. ಯಜ್ದಾನಿ ತೀರಿಕೊಂಡದ್ದು 1962ರಲ್ಲಿ, ಹಾಗಾಗಿ 2022ರ ಕೊನೆಗೆ ಮುಗಿಯಿತು. ಹೇಗೆ ಎಣಿಸಿದರೂ ಭಾರತದಲ್ಲಿ ಈಗ ಬಳಸಬಹುದು. ಆಮೇಲೆ ಬಂದ ಮರುಮುದ್ರಣದಿಂದ ಹಳೆಯ ಹಕ್ಕು ಮತ್ತೆ ಹುಟ್ಟುವುದಿಲ್ಲ. ಆದರೆ ಮರುಮುದ್ರಣಕ್ಕೆಂದು ಹೊಸದಾಗಿ ಬರೆದ ಮುನ್ನುಡಿ, ಹೊಸದಾಗಿ ಸೇರಿಸಿದ ಚಿತ್ರಗಳಿಗೆ ಅವುಗಳದೇ ಹಕ್ಕು ಇರುತ್ತದೆ. ಹಾಗಾಗಿ ನೀವು ತೆಗೆದುಕೊಂಡ ಪುಟ 1947ರದೇ ಎಂದು ಖಚಿತಪಡಿಸಿಕೊಳ್ಳಿ.

ಅನುಮತಿ ಬೇಡವಾದರೂ ಹೆಸರು ಬೇಕೇ ಬೇಕು. ಲೇಖಕ, ಪುಸ್ತಕ, ವರ್ಷ, ಪ್ಲೇಟ್ ಅಥವಾ ಪುಟದ ಸಂಖ್ಯೆ, ಇಷ್ಟನ್ನೂ ಬರೆಯಿರಿ. ನಕ್ಷೆಯ ಮೇಲೆ ನೀವು ಬಾಣ ಹಾಕಿದ್ದರೆ, ಹೆಸರು ಸೇರಿಸಿದ್ದರೆ, ಅದನ್ನೂ ಹೇಳಿ. ಇಲ್ಲದಿದ್ದರೆ ಆ ಬಾಣವನ್ನೂ ಓದುವವರು ಯಜ್ದಾನಿಯವರ ತಲೆಗೇ ಕಟ್ಟುತ್ತಾರೆ.

ಹಂತ 2: ಫೋಟೋ

ನೌಬಾದ್ ಬೀದರ್ ಊರಿಗೆ ಅಂಟಿಕೊಂಡೇ ಇದೆ. ಹೋಗಿ ಮೊಬೈಲಿನಲ್ಲಿ ನೀವೇ ತೆಗೆಯಿರಿ, ಅಲ್ಲಿಗೆ ಅರ್ಧ ತಲೆನೋವು ಮುಗಿಯಿತು. ಕಂಡಿಯ ಪಕ್ಕ ಒಂದು ಮೀಟರ್ ಕೋಲು ನಿಲ್ಲಿಸಿದರೆ ಅಳತೆಯೂ ಗೊತ್ತಾಗುತ್ತದೆ. ಬೇರೆಯವರ ಫೋಟೋದಲ್ಲಿ ಅದು ಎಲ್ಲಿ ಸಿಗಬೇಕು?

ಹತ್ತು ವರ್ಷದ ಹಿಂದಿನ ಸ್ಥಿತಿ ತೋರಿಸಬೇಕು, ಹೂಳು ತೆಗೆಯುವಾಗಿನ ಫೋಟೋ ಬೇಕು ಎಂದಾಗ ಮಾತ್ರ ಬೇರೆಯವರ ಹತ್ತಿರ ಹೋಗಬೇಕಾಗುತ್ತದೆ. ಗೂಗಲ್‌ನಲ್ಲಿ ಸಿಕ್ಕಿತು ಅನ್ನುವುದು ಮೂಲವಲ್ಲ. ಗೂಗಲ್ ತೋರಿಸುವುದು ಫೋಟೋ ಎಲ್ಲಿದೆ ಎಂದು, ಯಾರದು ಎಂದಲ್ಲ.

ವಿಕಿಮೀಡಿಯ ಕಾಮನ್ಸ್‌ನಲ್ಲಿ ಸಿಕ್ಕರೆ ಆ ಫೋಟೋದ ಪುಟ ತೆರೆದು ಲೈಸೆನ್ಸ್ ಓದಿ. ಹೆಚ್ಚಾಗಿ ಕಾಣುವುದು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸುಗಳಲ್ಲೊಂದಾದ CC BY-SA 4.0. ಅದಕ್ಕೆ ಫೋಟೋ ತೆಗೆದವರ ಹೆಸರು, ಮೂಲದ ಕೊಂಡಿ, ಲೈಸೆನ್ಸ್‌ನ ಹೆಸರು ಮತ್ತು ಕೊಂಡಿ, ಏನಾದರೂ ಬದಲಿಸಿದ್ದರೆ ಆ ಮಾತು, ಇಷ್ಟು ಬೇಕು. ಅಂಚು ಕತ್ತರಿಸಿದ್ದೂ ಬದಲಾವಣೆಯೇ. ಫೋಟೋವನ್ನು ಹಾಗೇ ಇಟ್ಟರೆ ನಿಮ್ಮ ಇಡೀ ವರದಿಯನ್ನು ಅದೇ ಲೈಸೆನ್ಸ್‌ಗೆ ಒಪ್ಪಿಸಬೇಕಾಗಿಲ್ಲ. ಆದರೆ ಅದರ ಮೇಲೆ ಪದರ, ಬಾಣ, ಹೆಸರು ಬರೆದು ಹೊಸ ಚಿತ್ರ ಮಾಡಿದರೆ, ಆ ಚಿತ್ರವನ್ನು ಅದೇ ಲೈಸೆನ್ಸಿನಲ್ಲಿ ಕೊಡಬೇಕು. ಲೈಸೆನ್ಸಿನಲ್ಲಿ ND ಎಂದಿದ್ದರೆ ಬದಲಿಸಿದ ಚಿತ್ರವನ್ನು ಹಂಚುವ ಹಾಗೇ ಇಲ್ಲ.

ಹಾಕಿದವರೇ ತೆಗೆದವರೆಂದು ಸುಮ್ನೆ ನಂಬಬೇಡಿ. ಫೋಟೋ ತೀರಾ ಚಿಕ್ಕದಾಗಿದೆ, ಕ್ಯಾಮೆರಾ ವಿವರ ಇಲ್ಲ, ಮೂಲೆಯಲ್ಲಿ ಅರ್ಧ ಅಳಿಸಿದ ವಾಟರ್‌ಮಾರ್ಕ್ ಇದೆ ಎಂದರೆ ಅದು ಯಾವುದೋ ಪತ್ರಿಕೆಯಿಂದ ಬಂದಿರಬಹುದು. ಚಿತ್ರ ಹಾಕಿ ಹುಡುಕುವ ಸೌಲಭ್ಯದಲ್ಲಿ ಒಮ್ಮೆ ನೋಡಿ. ಅದಕ್ಕಿಂತ ಹಳೆಯ ದಿನಾಂಕದ, ದೊಡ್ಡ ಅಳತೆಯ ಪ್ರತಿ ಬೇರೆಡೆ ಕಂಡರೆ ಈ ಫೋಟೋ ಬಿಟ್ಟುಬಿಡಿ.

ಊರಿನ ಸ್ಟುಡಿಯೊದವರ ಬಳಿ ಇದ್ದರೆ ಮಾತು ಸುಲಭ. 'ಹಾಕ್ಕೋರಿ ಸರ್, ಅದಕ್ಕೇನಾಯ್ತು' ಅಂತಾರೆ. ಖುಷಿಯೇ, ಆದರೆ ಬಾಯಿಮಾತು ಸಾಲದು. ಇನ್ನೊಂದು ಪ್ರಶ್ನೆಯನ್ನೂ ಅಲ್ಲೇ ಕೇಳಿ: ಈ ಫೋಟೋ ಯಾರಾದರೂ ದುಡ್ಡು ಕೊಟ್ಟು ತೆಗೆಸಿದ್ದಾ? ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದವರೇ ಮೊದಲ ಹಕ್ಕುದಾರರು. ಯಾವುದೋ ಸಂಸ್ಥೆ ತೆಗೆಸಿದ್ದಾದರೆ ಸ್ಟುಡಿಯೊದವರ ಒಪ್ಪಿಗೆ ಸಾಕಾಗುವುದಿಲ್ಲ. ಆ ಸಂಸ್ಥೆಯನ್ನೇ ಕೇಳಬೇಕು.

ಪತ್ರ ಇಷ್ಟಿದ್ದರೆ ಸಾಕು. ವಾಟ್ಸಾಪ್ ಅಥವಾ ಇಮೇಲ್‌ನಲ್ಲೂ ಕಳಿಸಬಹುದು:

> ಮಾನ್ಯರೇ, ನಾನು ಬೀದರಿನ ಸುರಂಗ ಬಾವಿ ಕುರಿತು ಒಂದು ಅಧ್ಯಯನ ವರದಿ ಬರೆಯುತ್ತಿದ್ದೇನೆ. ಈ ಜೊತೆ ಕಳಿಸಿರುವ ಫೋಟೋವನ್ನು ಅದರಲ್ಲಿ ಒಂದು ಸಲ, ಅರ್ಧ ಪುಟದ ಅಳತೆಯಲ್ಲಿ ಬಳಸಲು ಅನುಮತಿ ಕೋರುತ್ತೇನೆ. ವರದಿ ಅಚ್ಚಿನಲ್ಲೂ ಪಿಡಿಎಫ್ ಆಗಿ ಜಾಲತಾಣದಲ್ಲೂ ಬರುತ್ತದೆ, ಮಾರಾಟಕ್ಕಿಲ್ಲ. ಎಡಬದಿ ಸ್ವಲ್ಪ ಕತ್ತರಿಸಿ, ಕಂಡಿಯ ಬಾಯಿಗೆ ಒಂದು ಬಾಣ ಹಾಕುತ್ತೇನೆ. ಈ ಫೋಟೋದ ಹಕ್ಕು ತಮ್ಮದೇ ಎಂಬುದನ್ನು ದಯವಿಟ್ಟು ತಿಳಿಸಿ. ಬೇರೆಯವರದಾದರೆ ಯಾರನ್ನು ಕೇಳಬೇಕು ಎಂದು ಹೇಳಿ. ತಮ್ಮ ಹೆಸರನ್ನು ಹೇಗೆ ಬರೆಯಬೇಕು ಎಂದೂ ತಿಳಿಸಿದರೆ ಹಾಗೆಯೇ ಹಾಕುತ್ತೇನೆ.

ಇದರಲ್ಲಿ ಯಾವ ಸಾಲನ್ನೂ ಬಿಡಬೇಡಿ. ಬರೀ 'ಫೋಟೋ ಬಳಸಲಾ?' ಎಂದು ಕೇಳಿ 'ಹೂಂ' ಎಂದು ಬಂದರೆ, ಅದು ಅಚ್ಚಿಗೋ ನೆಟ್‌ಗೋ, ಬಾಣ ಹಾಕಬಹುದೋ ಇಲ್ಲವೋ, ಯಾವುದೂ ಗೊತ್ತಾಗುವುದಿಲ್ಲ. ಉತ್ತರ ಬಂದ ಮೇಲೆ ಅದರ ಪ್ರತಿಯನ್ನು ಮೊಬೈಲಿನಿಂದ ಆಚೆ ತೆಗೆದಿಡಿ. ಮೊಬೈಲ್ ಬದಲಿಸಿದಾಗ ವಾಟ್ಸಾಪ್ ಚಾಟ್ ಹೋಗಿಬಿಡಬಹುದು.

ಹಂತ 3: ಅಡ್ಡಸೀಳು ಚಿತ್ರ

ಜಾಸ್ತಿ ಜನ ಎಡವುವುದು ಇಲ್ಲೇ. ಒಂದು ಜರ್ನಲ್‌ನಲ್ಲಿ ಸುರಂಗ ಬಾವಿಯ ಅಡ್ಡಸೀಳು ಚೆನ್ನಾಗಿ ಬಂದಿದೆ ಎಂದುಕೊಳ್ಳಿ. ಮೇಲೆ ಕೆಂಪು ಜಂಬಿಟ್ಟಿಗೆ, ಕೆಳಗೆ ಕರಿಗಲ್ಲು ಅಂದರೆ ಬಸಾಲ್ಟ್. ನೀರು ಜಂಬಿಟ್ಟಿಗೆಯ ರಂಧ್ರಗಳಲ್ಲಿ ಇಳಿದು, ಗಟ್ಟಿ ಕರಿಗಲ್ಲಿನ ಮೇಲೆ ನಿಂತು, ಸುರಂಗಕ್ಕೆ ಜಿನುಗುತ್ತದೆ. ಒಂದೇ ಚಿತ್ರದಲ್ಲಿ ಇಷ್ಟೂ ಕಾಣುತ್ತದೆ.

ಅದೇ ಚಿತ್ರ ಬೇಕಿದ್ದರೆ ಅನುಮತಿ ಕೇಳಿ. ಲೇಖಕರನ್ನಲ್ಲ, ಮೊದಲು ಪ್ರಕಾಶಕರನ್ನು. ಜರ್ನಲ್‌ಗೆ ಲೇಖನ ಕೊಡುವಾಗ ಬಹಳಷ್ಟು ಲೇಖಕರು ಹಕ್ಕನ್ನು ಪ್ರಕಾಶಕರಿಗೆ ಬರೆದುಕೊಟ್ಟಿರುತ್ತಾರೆ. ಲೇಖನದ ಪುಟದಲ್ಲೇ Request permissions ಅಥವಾ Rights and permissions ಎಂಬ ಕೊಂಡಿ ಇರುತ್ತದೆ. ಅದನ್ನು ಒತ್ತಿದರೆ ಒಂದು ಫಾರ್ಮ್ ತೆರೆಯುತ್ತದೆ. ಎಷ್ಟು ಚಿತ್ರ, ಪ್ರಬಂಧಕ್ಕೋ ಮಾರಾಟದ ಪುಸ್ತಕಕ್ಕೋ, ಅಚ್ಚೋ ನೆಟ್ಟೋ ಎಂದು ಕೇಳುತ್ತದೆ. ಪ್ರಬಂಧ ಎಂದರೆ ಎಷ್ಟೋ ಸಲ ದುಡ್ಡಿಲ್ಲದೆ ಸಿಗುತ್ತದೆ. ಲೇಖನ CC BY ಲೈಸೆನ್ಸಿನಲ್ಲಿ ಬಂದಿದ್ದರೆ ಕೇಳುವುದೇ ಬೇಡ. ಆದರೆ ಚಿತ್ರದ ಕೆಳಗಿನ ಸಾಲನ್ನು ಓದಿ. ಅವರೇ ಆ ಚಿತ್ರವನ್ನು ಇನ್ನೊಬ್ಬರಿಂದ ಅನುಮತಿ ಪಡೆದು ಹಾಕಿದ್ದರೆ, ಲೇಖನದ ಲೈಸೆನ್ಸ್ ಆ ಚಿತ್ರಕ್ಕೆ ಅನ್ವಯಿಸುವುದಿಲ್ಲ. ನೀವು ಮೂಲದವರನ್ನೇ ಹುಡುಕಬೇಕು.

'ನಾನೇ ಮತ್ತೆ ಬರೆದರೆ ಆಯ್ತಲ್ವಾ?' ಎಂದು ಕೇಳುವವರಿಗೆ ನನ್ನ ಉತ್ತರ: ಹೇಗೆ ಬರೆಯುತ್ತೀರಿ ಅನ್ನುವುದರ ಮೇಲಿದೆ. ಅದೇ ಚಿತ್ರವನ್ನು ಇಂಕ್‌ಸ್ಕೇಪ್‌ನಲ್ಲಿ ಕೆಳಗಿಟ್ಟು, ಮೇಲೆ ಗೆರೆ ಎಳೆದು, ಬಣ್ಣ ಬದಲಿಸಿದರೆ ಅದು ನಕಲೇ. ಗೆರೆಗಳನ್ನು ತಾನೇ ಎಳೆದುಕೊಡುವ Trace Bitmap ಒತ್ತಿದರಂತೂ ಅದು ಪೂರ್ತಿ ನಕಲು. ಕಾಯ್ದೆ ಕಾಯುವುದು ಚಿತ್ರಿಸಿದ ರೀತಿಯನ್ನು. ಯಾವ ಕೋನ, ಯಾವ ಜೋಡಣೆ, ಏನನ್ನು ದೊಡ್ಡದು ಮಾಡಿದರು, ಏನನ್ನು ಬಿಟ್ಟರು ಅನ್ನುವುದೆಲ್ಲ ಅದರಲ್ಲಿ ಬರುತ್ತದೆ. ಜಂಬಿಟ್ಟಿಗೆಯ ಕೆಳಗೆ ಕರಿಗಲ್ಲಿದೆ ಅನ್ನುವ ಸಂಗತಿ ಮಾತ್ರ ಯಾರ ಸ್ವತ್ತೂ ಅಲ್ಲ.

ಹಾಗಾಗಿ ಚಿತ್ರದಿಂದ ಚಿತ್ರಕ್ಕೆ ಹೋಗಬೇಡಿ, ನಡುವೆ ಮಾತು ಇರಲಿ. ಎರಡು ಮೂರು ಮೂಲ ಓದಿ ಸಂಗತಿಗಳನ್ನು ಹಾಳೆಯ ಮೇಲೆ ವಾಕ್ಯಗಳಾಗಿ ಬರೆದುಕೊಳ್ಳಿ: ಸುರಂಗದ ಉದ್ದ, ಕಂಡಿಗಳ ಆಳ, ಪದರಗಳು, ನೀರು ಹರಿಯುವ ದಿಕ್ಕು. ಪ್ರತಿ ವಾಕ್ಯದ ಮುಂದೆ ಅದು ಎಲ್ಲಿಂದ ಬಂತು ಎಂದು ಗುರುತಿಸಿ. ಆಮೇಲೆ ಮೂಲ ಚಿತ್ರವನ್ನು ಮುಚ್ಚಿಡಿ. ನಿಮ್ಮ ವರದಿ ಹೇಳಬೇಕಾದದ್ದೇನು ಎಂದು ಕೇಳಿಕೊಂಡು ಆ ಹಾಳೆಯಿಂದಲೇ ಬರೆಯಿರಿ. ನೀವು ಹೇಳುತ್ತಿರುವುದು ಕಂಡಿ ಮುಚ್ಚಿದ್ದರಿಂದ ಏನಾಯಿತು ಎಂದಾದರೆ, ಕಂಡಿಗಳೇ ಎದ್ದು ಕಾಣಬೇಕು. ಆಗ ಚಿತ್ರ ತಾನಾಗಿಯೇ ಬೇರೆ ಆಗುತ್ತದೆ.

ಬರೆಯುವಾಗ ಅಳತೆಯ ಒಂದು ತೊಡಕು ಬರುತ್ತದೆ. ಸುರಂಗ 3 ಕಿಲೋಮೀಟರ್, ಕಂಡಿಯ ಆಳ 20 ಮೀಟರ್ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಪುಟದಲ್ಲಿ 15 ಸೆಂಟಿಮೀಟರ್ ಅಗಲ ಸಿಗುತ್ತದೆ. ಅಂದರೆ 1 ಸೆಂಟಿಮೀಟರಿಗೆ 200 ಮೀಟರ್. ಅದೇ ಅಳತೆಯಲ್ಲಿ 20 ಮೀಟರ್ ಆಳ ಬರೆದರೆ ಬರೀ 1 ಮಿಲಿಮೀಟರ್, ಏನೂ ಕಾಣುವುದಿಲ್ಲ. ಅದಕ್ಕೆ ಎತ್ತರದ ಅಳತೆಯನ್ನು 20 ಪಟ್ಟು ಹಿಗ್ಗಿಸಬೇಕು, ಆಗ 2 ಸೆಂಟಿಮೀಟರ್ ಆಗುತ್ತದೆ. ಆದರೆ ಹಿಗ್ಗಿಸಿದ ಕೂಡಲೇ ಸುರಂಗದ ಸಣ್ಣ ಇಳಿಜಾರೂ ಗುಡ್ಡ ಇಳಿದಂತೆ ಕಾಣುತ್ತದೆ. 'ಎತ್ತರದ ಅಳತೆ 20 ಪಟ್ಟು ಹಿಗ್ಗಿಸಿದೆ' ಎಂದು ಚಿತ್ರದಲ್ಲೇ ಬರೆಯಿರಿ. ಅಳತೆಗೆ ಬರೆಯದೇ ಇದ್ದರೆ 'ಅಳತೆಗೆ ಬರೆದದ್ದಲ್ಲ' ಎಂದು ಬರೆಯಿರಿ. ಮತ್ತೆ ಬರೆದ ಎಷ್ಟೋ ಚಿತ್ರಗಳಲ್ಲಿ ಈ ಸಾಲೇ ಕಳೆದುಹೋಗಿರುತ್ತದೆ.

ಕ್ಯಾಪ್ಷನ್‌ನಲ್ಲಿ ಮೂರು ಬಗೆಯ ಮಾತಿದೆ, ಒಂದರ ಜಾಗದಲ್ಲಿ ಇನ್ನೊಂದು ಹಾಕಬೇಡಿ. ಚಿತ್ರ ಹಾಗೆಯೇ ಇದ್ದರೆ:

> ಚಿತ್ರ 3. … (ಲೇಖಕ, ವರ್ಷ, ಚಿತ್ರ 2). ಪ್ರಕಾಶಕರ ಅನುಮತಿಯೊಂದಿಗೆ ಮರುಮುದ್ರಿಸಿದೆ.

ಮೂಲ ಚಿತ್ರವನ್ನೇ ಇಟ್ಟುಕೊಂಡು ತಿದ್ದಿದ್ದರೆ, ಇದಕ್ಕೂ ಅನುಮತಿ ಬೇಕು:

> ಚಿತ್ರ 3. … (ಲೇಖಕ, ವರ್ಷ, ಚಿತ್ರ 2) ಇದರಿಂದ ಅನುಮತಿಯೊಂದಿಗೆ ಮಾರ್ಪಡಿಸಿದೆ. ಹೆಸರುಗಳು ಕನ್ನಡಕ್ಕೆ, ಕಂಡಿಗಳ ಗುರುತು ಸೇರಿಸಿದೆ.

ಮಾಹಿತಿ ಮಾತ್ರ ಅವರದು, ಚಿತ್ರ ನಿಮ್ಮದು ಎಂದಾದರೆ:

> ಚಿತ್ರ 3. … ಮಾಹಿತಿ: (ಲೇಖಕ, ವರ್ಷ), (ಲೇಖಕ, ವರ್ಷ). ಚಿತ್ರ: ವರದಿಗಾರರದು. ಎತ್ತರದ ಅಳತೆ 20 ಪಟ್ಟು ಹಿಗ್ಗಿಸಿದೆ.

ಕನ್ನಡ ವರದಿಯಲ್ಲಿ ಎರಡನೆಯದೇ ಹೆಚ್ಚಾಗಿ ಬರುತ್ತದೆ, ಇಂಗ್ಲಿಷ್ ಹೆಸರುಗಳನ್ನು ಅಳಿಸಿ ಕನ್ನಡದಲ್ಲಿ ಬರೆದಿರುತ್ತಾರೆ. ಅದು ನಿಮ್ಮ ಚಿತ್ರವಲ್ಲ. ಅದಕ್ಕೆ ಪ್ರಕಾಶಕರಿಗೆ ಬರೆಯುವಾಗಲೇ ಕನ್ನಡ ಅನುವಾದದ ಮಾತನ್ನೂ ಸೇರಿಸಿ ಕೇಳಿ.

ಹಂತ 4: ಅಂತರ್ಜಲದ ಗ್ರಾಫ್

ಕೇಂದ್ರ ಅಂತರ್ಜಲ ಮಂಡಳಿ ವೀಕ್ಷಣಾ ಬಾವಿಗಳ ನೀರಿನ ಮಟ್ಟವನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ: ಜನವರಿ, ಮಳೆಗಾಲಕ್ಕೆ ಮುಂಚಿನ ಬೇಸಿಗೆ, ಆಗಸ್ಟ್, ನವೆಂಬರ್. ಅದರ ವರದಿಯಲ್ಲಿರುವ ಗ್ರಾಫ್ ಅನ್ನು ಸ್ಕ್ರೀನ್‌ಶಾಟ್ ಹೊಡೆದು ಅಂಟಿಸುವ ಬದಲು ಅಂಕಿಗಳನ್ನೇ ತೆಗೆದುಕೊಂಡು ಹೊಸದಾಗಿ ಗ್ರಾಫ್ ಮಾಡಿ. ಸರ್ಕಾರದ ಜಲಸಂಪನ್ಮೂಲ ಮಾಹಿತಿಯ India-WRIS ತಾಣದಲ್ಲಿ ನೋಡಿ. ಸರ್ಕಾರದ ಬೇರೆ ಅಂಕಿಅಂಶಗಳಿಗೆ data.gov.in ಇದೆ. ಅಲ್ಲಿನ ದತ್ತಾಂಶಕ್ಕೆ ಸರ್ಕಾರದ ಮುಕ್ತ ದತ್ತಾಂಶಕ್ಕೆಂದೇ ಇರುವ 2017ರ GODL-India ಲೈಸೆನ್ಸ್ ಅನ್ವಯಿಸುತ್ತದೆ. ಕೊಟ್ಟ ಇಲಾಖೆ, ಮೂಲದ ಕೊಂಡಿ, ಲೈಸೆನ್ಸ್‌ನ ಹೆಸರು ತೋರಿಸಿದರೆ ಬಳಸಬಹುದು. ಇಲಾಖೆ ನಿಮ್ಮ ವರದಿಯನ್ನು ಒಪ್ಪಿದೆ ಅನ್ನುವ ಹಾಗೆ ಮಾತ್ರ ಬರೆಯಬಾರದು.

ಈ ಗ್ರಾಫ್ ಮತ್ತೆ ಬರೆಯುವಾಗ ಆಗುವ ದೊಡ್ಡ ತಪ್ಪು ತಲೆಕೆಳಗಾಗುವುದು. ಅಂಕಿ ಇರುವುದು 'ನೆಲಮಟ್ಟದಿಂದ ಇಷ್ಟು ಮೀಟರ್ ಕೆಳಗೆ' ಎಂದು. 12 ಎಂದರೆ 5ಕ್ಕಿಂತ ಆಳ. ಸುಮ್ನೆ ಗ್ರಾಫ್ ಹಾಕಿದರೆ ಬೇಸಿಗೆಯಲ್ಲಿ ಗೆರೆ ಮೇಲೇರುತ್ತದೆ, ಮಳೆ ಬಂದಾಗ ಇಳಿಯುತ್ತದೆ. ಓದುವವರು ಬೇಸಿಗೆಯಲ್ಲಿ ನೀರು ಜಾಸ್ತಿ ಎಂದು ತಿಳಿಯುತ್ತಾರೆ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಆ ಅಕ್ಷದ Scale ಭಾಗದಲ್ಲಿ Reverse direction ಗುರುತಿಸಿ, ಸೊನ್ನೆ ಮೇಲಕ್ಕೆ ಬರುತ್ತದೆ. ನವೆಂಬರ್‌ನ ಬಿಂದು ಅದರ ಹಿಂದಿನ ಬೇಸಿಗೆಯ ಬಿಂದುವಿಗಿಂತ ಸಾಮಾನ್ಯವಾಗಿ ಮೇಲೆ ಕಾಣಬೇಕು. ಪ್ರತಿ ವರ್ಷವೂ ಕೆಳಗೇ ಇದ್ದರೆ ಅಕ್ಷ ನೋಡಿ.

ಅಳತೆ ಇಲ್ಲದ ತಿಂಗಳಿಗೆ ನೇರ ಗೆರೆ ಎಳೆಯಬೇಡಿ. ಆ ಜಾಗ ಖಾಲಿ ಬಿಡಿ. ಇಲ್ಲದ ಅಳತೆಯನ್ನು ಮಂಡಳಿಯ ಹೆಸರಲ್ಲಿ ನೀವೇ ಹುಟ್ಟಿಸಿದ ಹಾಗಾಗುತ್ತದೆ.

ಅಂಕಿ ಎಲ್ಲೂ ಸಿಗಲಿಲ್ಲ, ಗ್ರಾಫ್ ಮಾತ್ರ ಇದೆ ಎಂದರೆ ಗ್ರಾಫ್ ಚಿತ್ರದಿಂದ ಅಂಕಿ ಓದುವ WebPlotDigitizer ಸಾಫ್ಟ್‌ವೇರ್ ಬಳಸಬಹುದು. ಚಿತ್ರ ತೆರೆದು, ಎರಡು ಅಕ್ಷಗಳ ಮೇಲೂ ಗೊತ್ತಿರುವ ಎರಡೆರಡು ಬಿಂದು ಗುರುತಿಸಿ, ಅವುಗಳ ಬೆಲೆ ತುಂಬಿ, ಆಮೇಲೆ ಗೆರೆಯ ಬಿಂದುಗಳನ್ನು ಒತ್ತುತ್ತಾ ಹೋಗುವುದು. ಆದರೆ ಸಿಗುವ ನಿಖರತೆಗೆ ಮಿತಿ ಇದೆ. 20 ಮೀಟರ್ ಆಳದ ಅಕ್ಷ ಚಿತ್ರದಲ್ಲಿ 400 ಪಿಕ್ಸೆಲ್ ಎತ್ತರ ಇದ್ದರೆ ಒಂದು ಪಿಕ್ಸೆಲ್ ಅಂದರೆ 5 ಸೆಂಟಿಮೀಟರ್. ಸಾಫ್ಟ್‌ವೇರ್ 7.384 ಎಂದು ತೋರಿಸಬಹುದು. ನೀವು 7.4 ಎಂದೇ ಬರೆಯಿರಿ. ಕ್ಯಾಪ್ಷನ್‌ನಲ್ಲಿ 'ಮುದ್ರಿತ ಗ್ರಾಫ್‌ನಿಂದ ಓದಿದ ಅಂದಾಜು ಬೆಲೆಗಳು' ಎಂದು ಸೇರಿಸಿ.

ಹಂತ 5: ಜನಗಣತಿಯ ಪಟ್ಟಿ

ಬರೀ ಸಂಖ್ಯೆಗಳಿಗೆ ಅನುಮತಿ ಬೇಡ, ಮೂಲ ಹೇಳಿದರೆ ಸಾಕು. ಇಲ್ಲಿನ ಅಪಾಯ ಬೇರೆ. ವರದಿಯಲ್ಲಿ ಬೀದರ್ ಜೊತೆ ಪಕ್ಕದ ಜಿಲ್ಲೆಗಳನ್ನೂ ಹೋಲಿಸುತ್ತೀರಿ ಎಂದುಕೊಳ್ಳಿ. 2001ರ ಜನಗಣತಿಯಲ್ಲಿ ಗುಲ್ಬರ್ಗಾ ಜಿಲ್ಲೆ 31,30,922. 2011ರಲ್ಲಿ 25,66,326. ಎರಡನ್ನು ಪಕ್ಕ ಪಕ್ಕ ಇಟ್ಟರೆ ಹತ್ತು ವರ್ಷದಲ್ಲಿ ಐದೂವರೆ ಲಕ್ಷಕ್ಕೂ ಜಾಸ್ತಿ ಜನ ಮಾಯ! ಜನ ಎಲ್ಲೂ ಹೋಗಿಲ್ಲ, ನಡುವೆ 2009ರ ಕೊನೆಯಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಯಿತು. ಯಾದಗಿರಿಯ 2011ರ 11,74,271 ಸೇರಿಸಿದರೆ 37,40,597. ಈಗ ಹೋಲಿಸಿ: ಸುಮಾರು 19.5 ಪರ್ಸೆಂಟ್ ಏರಿಕೆ.

ಹಾಗಾಗಿ ಪಟ್ಟಿಯ ಕೆಳಗಿನ ಸಾಲು ಹೀಗಿರಲಿ:

> ಮೂಲ: ಭಾರತದ ಜನಗಣತಿ 2001, 2011. 2001ರ ಗುಲ್ಬರ್ಗಾದಲ್ಲಿ ಇಂದಿನ ಯಾದಗಿರಿ ಸೇರಿದೆ. 2011ರ ಕಲಬುರಗಿ, ಯಾದಗಿರಿ ಮೊತ್ತ ಮತ್ತು ಏರಿಕೆಯ ಲೆಕ್ಕ ವರದಿಗಾರರದು.

ಕೊನೆಯ ವಾಕ್ಯ ಮುಖ್ಯ. ಮೊತ್ತ ನೀವು ಹಾಕಿದ್ದು, ಜನಗಣತಿ ಇಲಾಖೆಯದಲ್ಲ. ಕೂಡಿಸುವಾಗ ತಪ್ಪಿದ್ದರೆ ಅದು ಯಾರ ತಪ್ಪು ಎಂದು ಓದುವವರಿಗೆ ತಿಳಿಯಬೇಕು. ಇದನ್ನೇ ಇನ್ನೊಬ್ಬರ ಲೇಖನದಿಂದ ಎತ್ತಿಕೊಂಡಿದ್ದರೆ ಅವರ ಹೆಸರನ್ನೇ ಹಾಕಿ. ಮೂಲ ಪಟ್ಟಿ ನೋಡದೆ 'ಜನಗಣತಿ 2011' ಎಂದು ಬರೆಯುವುದು ಸರಿಯಲ್ಲ.

ಉತ್ತರ ಬಾರದಿದ್ದರೆ

ಒಂದು ಸ್ಪ್ರೆಡ್‌ಶೀಟ್ ಇಟ್ಟುಕೊಳ್ಳಿ. ಚಿತ್ರದ ಸಂಖ್ಯೆ, ಮೂಲ ಮತ್ತು ಪುಟ, ಹಕ್ಕು ಯಾರದು, ಕೇಳಿದ ದಿನ, ಉತ್ತರ, ಅವರು ಹೇಳಿದ ಕ್ಯಾಪ್ಷನ್ ಸಾಲು. ಪ್ರಕಾಶಕರು ಕೊಡುವ ಸಾಲನ್ನು ಅಕ್ಷರ ಬದಲಿಸದೆ ಹಾಕಬೇಕು. ಅದು ಇಂಗ್ಲಿಷಿನಲ್ಲಿದ್ದರೆ ಹಾಗೇ ಇರಲಿ, ಪಕ್ಕದಲ್ಲಿ ಕನ್ನಡ ಸೇರಿಸಿ.

ಉತ್ತರ ಬರದೇ ಇರುವುದು ಒಪ್ಪಿಗೆಯಲ್ಲ. ಎರಡು ವಾರ ಕಾದು ಒಮ್ಮೆ ನೆನಪಿಸಿ. ಸಲ್ಲಿಸುವ ದಿನ ಹತ್ತಿರ ಬಂದರೂ ಉತ್ತರ ಇಲ್ಲವೆಂದರೆ ಆ ಚಿತ್ರದ ಜಾಗಕ್ಕೆ ಹಂತ 3ರಂತೆ ಸ್ವಂತ ಚಿತ್ರ ಬರೆದು ಹಾಕಿ, ಅದೇ ಸಂಖ್ಯೆ ಉಳಿಸಿ. ಫೋಟೋ ಆದರೆ ಅದು ಎಲ್ಲಿದೆ ಎಂದು ಕೊಂಡಿ ಕೊಟ್ಟು, ಅದರಲ್ಲಿ ಏನು ಕಾಣುತ್ತದೆ ಎಂದು ಎರಡು ಸಾಲು ಬರೆದರೆ ಸಾಕು. ಗೈಡ್‌ಗೆ ಕೊಡುವ ಪ್ರತಿಯಲ್ಲಿ ಮೂಲ ಫೋಟೋ ಇಟ್ಟು, ನೆಟ್‌ಗೆ ಏರಿಸುವ ಪಿಡಿಎಫ್‌ನಲ್ಲಿ ತೆಗೆಯುವುದೂ ಒಂದು ದಾರಿ. ಆಗ ಆ ಜಾಗದಲ್ಲಿ 'ಹಕ್ಕಿನ ಕಾರಣ ಈ ಪ್ರತಿಯಲ್ಲಿ ಚಿತ್ರ ಸೇರಿಸಿಲ್ಲ' ಎಂದು ಬರೆಯಿರಿ, ಪುಟ ಮತ್ತು ಚಿತ್ರದ ಸಂಖ್ಯೆಗಳು ಎರಡೂ ಪ್ರತಿಯಲ್ಲಿ ಒಂದೇ ಇರಲಿ.